ಬಿಪಿ ನೋಡಲು ಕಲಿಸುವುದು ಯಾವ ವಾರ?

ಜಿಎನ್‌ಎಂ ಡಿಪ್ಲೊಮಾಗೆ ಸೇರಿದ ಹುಡುಗ ಹುಡುಗಿಯರು ಮೊದಲ ವರ್ಷ ಓದುವ ವಿಷಯಗಳಲ್ಲಿ ‘ನರ್ಸಿಂಗ್ ಫೌಂಡೇಷನ್ಸ್’ ಒಂದು. ಕೈ ತೊಳೆಯುವುದು, ಹಾಸಿಗೆ ಸಜ್ಜುಗೊಳಿಸುವುದು, ರೋಗಿಗೆ ಮೈ ಒರೆಸುವುದು, ಜ್ವರ, ನಾಡಿ, ಉಸಿರು, ಬಿಪಿ ನೋಡುವುದು ಎಲ್ಲವೂ ಇದರಲ್ಲೇ ಬರುತ್ತವೆ. ಪಠ್ಯಕ್ರಮವನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸುತ್ತದೆ. ಕರ್ನಾಟಕದಲ್ಲಿ ಪರೀಕ್ಷೆ ನಡೆಸಲು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಇದೆ. ಯಾವ ಘಟಕಕ್ಕೆ ಎಷ್ಟು ಗಂಟೆ ಎಂದು ಪಠ್ಯಕ್ರಮ ಹೇಳುತ್ತದೆ. ಆದರೆ ಯಾವ ವಾರ ಏನು ಕಲಿಸಬೇಕು, ವಿದ್ಯಾರ್ಥಿಗಳ ಕೈಯಲ್ಲಿ ಏನು ಮಾಡಿಸಬೇಕು, ಕಲಿತಿದ್ದಾರೋ ಇಲ್ಲವೋ ಎಂದು ಹೇಗೆ ನೋಡಬೇಕು ಎಂಬುದನ್ನು ಬಹುಪಾಲು ಕಾಲೇಜಿನ ಬೋಧಕರೇ ಕೂತು ಹೊಂದಿಸಬೇಕಾಗುತ್ತದೆ.

ಹೀಗೆ ಹೊಂದಿಸುವ ಪಟ್ಟಿಯಲ್ಲಿ ನಾಲ್ಕು ಅಂಕಣಗಳಿರುತ್ತವೆ: ಕಲಿಕೆಯ ಫಲ, ವಾರದ ಪಾಠ, ಚಟುವಟಿಕೆ, ಪರೀಕ್ಷೆ. ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿ ಬರೆದ ಪುಸ್ತಕದಿಂದಲೂ ಈ ವಿಚಾರ ಚಾಲ್ತಿಯಲ್ಲಿದೆ. 1996ರಲ್ಲಿ ಜಾನ್ ಬಿಗ್ಸ್ ಅದನ್ನು ಇನ್ನಷ್ಟು ಖಚಿತಗೊಳಿಸಿದರು. ವಿದ್ಯಾರ್ಥಿ ಕೊನೆಗೆ ಏನು ಮಾಡಬೇಕೋ ಅದನ್ನೇ ತರಗತಿಯಲ್ಲಿ ಮಾಡಿಸಬೇಕು, ಪರೀಕ್ಷೆಯಲ್ಲೂ ಅದನ್ನೇ ಕೇಳಬೇಕು ಎಂಬುದು ಅವರ ವಾದದ ತಿರುಳು. ಕೇಳಲು ಸರಳವಾದರೂ ನರ್ಸಿಂಗ್‌ನಲ್ಲಿ ಇದು ಎಷ್ಟು ಸುಲಭವಾಗಿ ಜಾರಿಹೋಗುತ್ತದೆ ಎಂದು ನೋಡಲು ಒಂದೇ ಒಂದು ಫಲವನ್ನು ಹಿಡಿದು ಕೊನೆಯವರೆಗೂ ಹೋಗೋಣ.

ಒಂದು ವಾಕ್ಯದಲ್ಲಿ ನಾಲ್ಕು ಕೆಲಸ

‘ವಿದ್ಯಾರ್ಥಿಯು ವೈಟಲ್ ಸೈನ್ಸ್ ಬಗ್ಗೆ ತಿಳಿದಿರುತ್ತಾನೆ’ ಎಂದು ಎಷ್ಟೋ ಕೋರ್ಸ್ ಪ್ಲಾನ್‌ಗಳಲ್ಲಿ ಬರೆದಿರುತ್ತದೆ. ಈ ವಾಕ್ಯ ಇಟ್ಟುಕೊಂಡು ಯಾವ ಪಟ್ಟಿಯನ್ನೂ ಕಟ್ಟಲಾಗದು. ತಿಳಿದಿರುವುದನ್ನು ಕಣ್ಣಲ್ಲಿ ನೋಡಲು ಸಾಧ್ಯವಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ವಯಸ್ಕ ರೋಗಿಯ ಜ್ವರ, ನಾಡಿ, ಉಸಿರು, ಬಿಪಿಯನ್ನು ಸರಿಯಾಗಿ ಅಳೆಯುತ್ತಾರೆ, ಚಾರ್ಟ್‌ನಲ್ಲಿ ದಾಖಲಿಸುತ್ತಾರೆ, ಸಹಜವಲ್ಲದ್ದನ್ನು ಗುರುತಿಸುತ್ತಾರೆ, ಅದನ್ನು ಜವಾಬ್ದಾರಿ ಹೊತ್ತ ನರ್ಸ್‌ಗೆ ತಕ್ಷಣ ತಿಳಿಸುತ್ತಾರೆ.’

ಇಲ್ಲಿ ನಾಲ್ಕು ಕೆಲಸಗಳಿವೆ: ಅಳೆಯುವುದು, ದಾಖಲಿಸುವುದು, ಗುರುತಿಸುವುದು, ತಿಳಿಸುವುದು. ಪಟ್ಟಿ ಮಾಡುವಾಗ ಈ ನಾಲ್ಕನ್ನೂ ನಾಲ್ಕು ಸಾಲುಗಳಾಗಿ ಬಿಡಿಸಿ, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಬೇಕು. ಇದರ ಪರಿಚಯ ಯಾವ ವಾರ? ಅಭ್ಯಾಸ ಯಾವ ವಾರ? ಪರೀಕ್ಷೆ ಯಾವ ವಾರ? ಮೂರಕ್ಕೂ ಉತ್ತರ ಸಿಕ್ಕಿದರೆ ಮಾತ್ರ ಆ ಕೆಲಸವನ್ನು ಕಲಿಸಲಾಗುತ್ತಿದೆ ಎನ್ನಬಹುದು.

ಹೀಗೆ ಬಿಡಿಸಿದ ಕೂಡಲೇ ಕೊರತೆ ಕಾಣಿಸತೊಡಗುತ್ತದೆ. ಅಳೆಯುವುದಕ್ಕೆ ಉಪನ್ಯಾಸವಿದೆ, ಡೆಮಾನ್‌ಸ್ಟ್ರೇಷನ್ ಇದೆ, ಪ್ರಾಕ್ಟಿಕಲ್ ಪರೀಕ್ಷೆ ಇದೆ. ದಾಖಲಿಸುವುದಕ್ಕೆ ಟಿಪಿಆರ್ ಚಾರ್ಟ್ ಇದೆ. ಗುರುತಿಸುವುದು ಲಿಖಿತ ಪರೀಕ್ಷೆಯಲ್ಲಿ ‘ನಾಡಿಯ ಸಹಜ ಪ್ರಮಾಣವೆಷ್ಟು’ ಎಂಬ ಪ್ರಶ್ನೆಗೆ ಇಳಿದಿರುತ್ತದೆ. ತಿಳಿಸುವುದಕ್ಕಂತೂ ಸಾಮಾನ್ಯವಾಗಿ ಯಾವ ವಾರವೂ ಇರುವುದಿಲ್ಲ. ವಾರ್ಡ್‌ನಲ್ಲಿ ರೋಗಿಯ ಜೀವ ಉಳಿಯುವುದು ಈ ನಾಲ್ಕನೆಯದರಿಂದ. ರಾತ್ರಿ ಎರಡು ಗಂಟೆಗೆ ಉಸಿರು ನಿಮಿಷಕ್ಕೆ 30 ಎಂದು ಅಚ್ಚುಕಟ್ಟಾಗಿ ಬರೆದಿಟ್ಟು ಯಾರಿಗೂ ಹೇಳದಿದ್ದರೆ ಆ ಅಂಕಿಯಿಂದ ರೋಗಿಗೆ ಏನೂ ಉಪಯೋಗವಿಲ್ಲ.

ಕೊನೆಯಿಂದ ಹಿಂದಕ್ಕೆ

ಅನುಭವಿ ಬೋಧಕರು ಪಟ್ಟಿಯನ್ನು ಮೊದಲ ವಾರದಿಂದ ತುಂಬುತ್ತಾ ಹೋಗುವುದಿಲ್ಲ. ಪರೀಕ್ಷೆಯ ಅಂಕಣವನ್ನು ಮೊದಲು ತುಂಬಿ, ಅಲ್ಲಿಂದ ಹಿಂದಕ್ಕೆ ಬರುತ್ತಾರೆ.

ನಮ್ಮ ಫಲಕ್ಕೆ 12ನೇ ವಾರ ಪರೀಕ್ಷೆ ಎಂದಿಟ್ಟುಕೊಳ್ಳೋಣ. ಮಾಡಿ ತೋರಿಸುವ ಕೆಲಸವನ್ನು ಬರೆಸಿ ಅಳೆಯಲಾಗದು. ಅದಕ್ಕೆ ಹೊಂದುವುದು ‘ಆಸ್ಕಿ’ ಎಂದು ಕರೆಯುವ ನಿಲ್ದಾಣಗಳ ಪರೀಕ್ಷೆ. ಸ್ಕಾಟ್ಲೆಂಡ್‌ನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಈ ವಿಧಾನ ಈಗ ನರ್ಸಿಂಗ್‌ನಲ್ಲೂ ಬಳಕೆಯಲ್ಲಿದೆ. ನಾಲ್ಕು ಕೆಲಸಕ್ಕೆ ನಾಲ್ಕು ನಿಲ್ದಾಣ, ಒಂದೊಂದಕ್ಕೆ ಹತ್ತು ನಿಮಿಷ. ಮೊದಲನೆಯದರಲ್ಲಿ ಬಿಪಿ ಅಳೆಯಬೇಕು. ಎರಡನೆಯದರಲ್ಲಿ ಕೊಟ್ಟ ಅಂಕಿಗಳನ್ನು ಚಾರ್ಟ್‌ಗೆ ಏರಿಸಬೇಕು. ಮೂರನೆಯದರಲ್ಲಿ ಮೂವರು ರೋಗಿಗಳ ಚಾರ್ಟ್ ನೋಡಿ ಯಾರ ಸ್ಥಿತಿ ಹದಗೆಡುತ್ತಿದೆ ಎಂದು ಹೇಳಬೇಕು. ನಾಲ್ಕನೆಯದರಲ್ಲಿ ವಾರ್ಡ್ ಸಿಸ್ಟರ್ ಪಾತ್ರದಲ್ಲಿ ಕೂತ ಬೋಧಕರಿಗೆ ಒಂದು ನಿಮಿಷದೊಳಗೆ ವರದಿ ಒಪ್ಪಿಸಬೇಕು.

ನಲವತ್ತು ವಿದ್ಯಾರ್ಥಿಗಳಿದ್ದರೆ ನಾಲ್ಕು ನಿಲ್ದಾಣಗಳು ಒಟ್ಟಿಗೆ ನಡೆದರೂ 400 ನಿಮಿಷ, ಅಂದರೆ ಆರು ಗಂಟೆ ನಲವತ್ತು ನಿಮಿಷ ಬೇಕು. ನಾಲ್ವರು ಬೋಧಕರು ಎರಡು ಮಧ್ಯಾಹ್ನ ಪೂರ್ತಿ ಬಿಡುವಾಗಿರಬೇಕು. ಈ ಲೆಕ್ಕ ಜೂನ್‌ನಲ್ಲೇ ಹಾಕದಿದ್ದರೆ ಪರೀಕ್ಷೆ ಹತ್ತಿರ ಬಂದಾಗ ಆಸ್ಕಿ ಕೈಬಿಟ್ಟು ‘ವೈವಾ ಸಾಕು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇನ್ನು ಒಂದು ಹೆಜ್ಜೆ ಹಿಂದಕ್ಕೆ. 10 ಮತ್ತು 11ನೇ ವಾರ ವಾರ್ಡ್ ಪೋಸ್ಟಿಂಗ್. ಇದು ಬೋಧಕರ ಇಷ್ಟಕ್ಕೆ ಬಿಟ್ಟದ್ದಲ್ಲ, ಆಸ್ಪತ್ರೆಯೊಂದಿಗೆ ಮಾತಾಡಿ ಮಾಸ್ಟರ್ ರೊಟೇಷನ್ ಪ್ಲಾನ್‌ನಲ್ಲಿ ಮೊದಲೇ ಗೊತ್ತಾಗಿರುತ್ತದೆ. ರೋಗಿಯ ಮೈ ಮುಟ್ಟುವ ಮೊದಲು ಲ್ಯಾಬ್ ಅಭ್ಯಾಸ ಮುಗಿದಿರಲೇಬೇಕು. ಹಾಗಾಗಿ 7ರಿಂದ 9ನೇ ವಾರ ಲ್ಯಾಬ್. ಅದಕ್ಕೂ ಮೊದಲು 6ನೇ ವಾರ ನಾಡಿ ಮತ್ತು ಉಸಿರು, 5ನೇ ವಾರ ಜ್ವರ. ಕೈ ತೊಳೆಯುವ ಕ್ರಮ ಇವೆಲ್ಲಕ್ಕಿಂತ ಮುಂಚೆ ಕೈಗೆ ಕೂತಿರಬೇಕು. ಬಯೋಸೈನ್ಸ್ ಬೋಧಕರು ಹೃದಯ ಮತ್ತು ರಕ್ತನಾಳದ ಪಾಠವನ್ನು ಡಿಸೆಂಬರ್‌ಗೆ ಇಟ್ಟುಕೊಂಡಿದ್ದರೆ ಬಿಪಿ ಪಾಠ ಅರ್ಥವಾಗದೆ ಬಾಯಿಪಾಠವಾಗುತ್ತದೆ. ಆ ವಿಷಯವನ್ನು ಅವರೊಂದಿಗೆ ಕೂತು ಮಾತಾಡಿ 6ನೇ ವಾರದೊಳಗೆ ತರಿಸಿಕೊಳ್ಳಬೇಕು.

ಲ್ಯಾಬ್‌ನಲ್ಲಿ ಒಬ್ಬರಿಗೆ ಎಷ್ಟು ಅವಕಾಶ?

‘ಚಟುವಟಿಕೆ: ಡೆಮಾನ್‌ಸ್ಟ್ರೇಷನ್ ಮತ್ತು ರಿಟರ್ನ್ ಡೆಮಾನ್‌ಸ್ಟ್ರೇಷನ್’ ಎಂದು ಬರೆದು ಮುಂದೆ ಹೋಗುವುದು ವಾಡಿಕೆ. ಅದರೊಳಗೆ ಏನಿದೆ ನೋಡೋಣ. ಬಿಪಿ ನೋಡುವ ಮೊದಲು ವ್ಯಕ್ತಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲದ ಮೇಲಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು. ಕಫ್‌ನೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಸುತ್ತಬೇಕು. ಕಫ್ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮಣಿಕಟ್ಟಿನ ನಾಡಿ ನಿಂತ ಮಟ್ಟಕ್ಕಿಂತ 30 ಮಿ.ಮೀ. ಮೇಲಕ್ಕೆ ಗಾಳಿ ತುಂಬಿ, ಸೆಕೆಂಡಿಗೆ 2ರಿಂದ 3 ಮಿ.ಮೀ. ಇಳಿಸುತ್ತಾ ಸದ್ದು ಶುರುವಾದದ್ದನ್ನೂ ನಿಂತದ್ದನ್ನೂ ಕೇಳಬೇಕು. ಇದೆಲ್ಲ ಮುಗಿಸಿ ಬರೆದಿಡಲು ಕಲಿಯುವವರಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಕಾಲೇಜಿನಲ್ಲಿ ಐದು ಬಿಪಿ ಸೆಟ್ ಇವೆ, ನಲವತ್ತು ವಿದ್ಯಾರ್ಥಿಗಳಿದ್ದಾರೆ ಎನ್ನಿ. ಸೆಟ್ ಒಂದಕ್ಕೆ ಎಂಟು ಜನ. ಎರಡು ಗಂಟೆಯ ಲ್ಯಾಬ್‌ನಲ್ಲಿ ಒಂದು ಸೆಟ್‌ನಿಂದ ಹನ್ನೆರಡು ಸಲ ಅಳೆಯಬಹುದು. ತಲಾ ಒಂದೂವರೆ ಸಲ! ಪಟ್ಟಿಯಲ್ಲಿ ‘ಅಭ್ಯಾಸ’ ಎಂದು ನಮೂದಾಗಿದ್ದರೂ ವಿದ್ಯಾರ್ಥಿಗೆ ಸದ್ದು ಸರಿಯಾಗಿ ಕೇಳಿಸುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಅದಕ್ಕೇ ಮೇಲಿನ ಯೋಜನೆಯಲ್ಲಿ ಬಿಪಿಗೆ ಮೂರು ವಾರ ಇಟ್ಟದ್ದು. ಮೂರು ಲ್ಯಾಬ್‌ಗಳಲ್ಲಿ ಪ್ರತಿಯೊಬ್ಬರಿಗೂ ನಾಲ್ಕೈದು ಅವಕಾಶ ಸಿಗುತ್ತದೆ. ಸರದಿ ಕಾಯುವವರಿಗೆ ಉಳಿದ ಮೂರು ಕೆಲಸಗಳನ್ನು ಕೊಡಬಹುದು. ಒಬ್ಬರು ಚಾರ್ಟ್ ಏರಿಸಲಿ, ಇನ್ನೊಬ್ಬರು ಚಾರ್ಟ್ ಓದಿ ವ್ಯತ್ಯಾಸ ಹುಡುಕಲಿ, ಮತ್ತೊಬ್ಬರು ಗೆಳತಿಯನ್ನೇ ಸಿಸ್ಟರ್ ಎಂದುಕೊಂಡು ವರದಿ ಒಪ್ಪಿಸಲಿ: ‘ಸಿಸ್ಟರ್, ನಾಲ್ಕನೇ ಬೆಡ್‌ನ ಅಜ್ಜನಿಗೆ ನಿನ್ನೆ ಹರ್ನಿಯಾ ಆಪರೇಷನ್ ಆಗಿದೆ. ಬೆಳಿಗ್ಗೆ ನಾಡಿ 84 ಇತ್ತು, ಈಗ 118. ಬಿಪಿ 96/60. ಮೈ ತಣ್ಣಗಿದೆ. ದಯವಿಟ್ಟು ಈಗಲೇ ಬಂದು ನೋಡಿ.’ ಹೀಗೆ ಮಾತಾಡಲು ಮೊದಲ ವರ್ಷದವರಿಗೆ ಧೈರ್ಯ ತಾನಾಗಿ ಬರುವುದಿಲ್ಲ. ಬಾಯಿಬಿಟ್ಟು ಹೇಳಿ ರೂಢಿಯಾಗಬೇಕು.

ತಪ್ಪಿದ್ದು ಗೊತ್ತಾಗುವುದು ಹೇಗೆ?

ಪಟ್ಟಿಯನ್ನು ಅಡ್ಡಕ್ಕೂ ಉದ್ದಕ್ಕೂ ಓದಬೇಕು. ಫಲದ ಸಾಲಿನಲ್ಲಿ ಪರೀಕ್ಷೆಯ ಮನೆ ಖಾಲಿಯಿದ್ದರೆ ಆ ಫಲ ಬರೀ ಮಾತು. ವಾರದ ಅಂಕಣದಲ್ಲಿ ಯಾವ ಫಲವೂ ಇಲ್ಲದಿದ್ದರೆ ಆ ಪಾಠ ಯಾಕೆ ಇದೆ ಎಂದು ಕೇಳಬೇಕು. ಎಲ್ಲ ಮನೆಗಳಲ್ಲೂ ಟಿಕ್ ಇದ್ದರೆ ಅದು ಇನ್ನೂ ದೊಡ್ಡ ಅನುಮಾನಕ್ಕೆ ಕಾರಣ. ತಪಾಸಣೆಗೆ ತೋರಿಸಲು ಕೊನೆಯ ಗಳಿಗೆಯಲ್ಲಿ ತುಂಬಿದ ಪಟ್ಟಿಗಳು ಹೀಗೇ ಇರುತ್ತವೆ.

ವಿದ್ಯಾರ್ಥಿಗಳ ಲಾಗ್‌ಬುಕ್‌ನಲ್ಲೂ ಸುಳಿವು ಸಿಗುತ್ತದೆ. ಬಿಪಿ ಅಳತೆಪಟ್ಟಿಯಲ್ಲಿ 2 ಮಿ.ಮೀ.ಗೆ ಒಂದು ಗೆರೆ. ನಿಜವಾಗಿ ಅಳೆದಿದ್ದರೆ ಸೊನ್ನೆಯಿಂದ ಮುಗಿಯುವ ಅಂಕಿ ಐದರಲ್ಲಿ ಒಂದು ಸಲದಷ್ಟು ಬರಬೇಕು. ಪುಟಗಟ್ಟಲೆ 120/80, 110/70, 130/80 ಎಂದೇ ಇದ್ದರೆ ಅವರು ಅಳೆಯುತ್ತಿಲ್ಲ, ಅಂದಾಜು ಬರೆಯುತ್ತಿದ್ದಾರೆ. ಎಲ್ಲರ ಉಸಿರೂ 20 ಎಂದಿದ್ದರೂ ಅಷ್ಟೇ. ಇದು ವಿದ್ಯಾರ್ಥಿಯ ಸೋಮಾರಿತನ ಎಂದು ಬೈಯುವ ಮೊದಲು ಪಟ್ಟಿ ತೆರೆದು ನೋಡಬೇಕು. ಬೋಧಕರು ಪಕ್ಕದಲ್ಲಿದ್ದು ಎರಡು ಜೊತೆ ಕಿವಿನಳಿಕೆಯ ಸ್ಟೆತಾಸ್ಕೋಪ್‌ನಲ್ಲಿ ಒಟ್ಟಿಗೆ ಕೇಳಿ ಪರೀಕ್ಷಿಸುವ ವಾರ ಅಲ್ಲಿ ಇದೆಯೇ?

ಅಂಕ ಕೊಡುವ ರೀತಿಯಲ್ಲೂ ಎಚ್ಚರ ಬೇಕು. ಇಪ್ಪತ್ತು ಹೆಜ್ಜೆಗಳ ಚೆಕ್‌ಲಿಸ್ಟ್‌ನಲ್ಲಿ ಹದಿನಾರು ಸರಿ ಮಾಡಿದವರು ಪಾಸು. ಆದರೆ ಬಿಟ್ಟುಹೋದ ನಾಲ್ಕರಲ್ಲಿ ರೋಗಿಯ ಹೆಸರು ಕೇಳಿ ಖಚಿತಪಡಿಸಿಕೊಳ್ಳುವುದೂ ಕಫ್ ಆರಿಸುವುದೂ ಸೇರಿದ್ದರೆ? ಇಂಥ ಹೆಜ್ಜೆಗಳನ್ನು ‘ತಪ್ಪಿದರೆ ಮರಳಿ ಮಾಡಬೇಕು’ ಎಂದು ಮೊದಲೇ ಗುರುತು ಹಾಕಿ, ಮರಳಿ ಮಾಡಿಸಲು 13ನೇ ವಾರದಲ್ಲಿ ಒಂದು ಮಧ್ಯಾಹ್ನ ಖಾಲಿ ಇಟ್ಟಿರಬೇಕು.

ಈ ಪಟ್ಟಿಗೂ ಮಿತಿಯಿದೆ. ವಾರ್ಡ್‌ನಲ್ಲಿ ಆ ವಾರ ಎಂಥ ರೋಗಿಗಳು ಇರುತ್ತಾರೆ ಎಂದು ಅದು ಹೇಳಲಾರದು. ರಜೆ, ಮುಷ್ಕರ, ಬೋಧಕರ ವರ್ಗಾವಣೆ ಎಲ್ಲವೂ ವಾರಗಳನ್ನು ಜರುಗಿಸುತ್ತವೆ. ಜರುಗಲಿ, ಪರಿಚಯ, ಅಭ್ಯಾಸ, ಪರೀಕ್ಷೆ ಎಂಬ ಕ್ರಮ ಮುರಿಯದಿದ್ದರೆ ಸಾಕು.

ನರ್ಸಿಂಗ್ ಕಾಲೇಜಿನ ಬೋಧಕರಲ್ಲಿ ಒಂದು ಮನವಿ. ಮುಂದಿನ ವರ್ಷದ ಕೋರ್ಸ್ ಪ್ಲಾನ್‌ಗೆ ಸಹಿ ಹಾಕುವ ಮೊದಲು ಎಲ್ಲವನ್ನೂ ತಿದ್ದಲು ಹೋಗಬೇಡಿ. ವೈಟಲ್ ಸೈನ್ಸ್ ಒಂದನ್ನೇ ತೆಗೆದುಕೊಂಡು, ‘ತಿಳಿಸುವುದು’ ಎಂಬ ಕೆಲಸಕ್ಕೆ ಯಾವ ವಾರ, ಯಾವ ಚಟುವಟಿಕೆ, ಯಾವ ಪರೀಕ್ಷೆ ಇದೆ ಎಂದು ಹುಡುಕಿ. ಸಿಗದಿದ್ದರೆ ತಿದ್ದುವ ಕೆಲಸವನ್ನು ಅಲ್ಲಿಂದಲೇ ಆರಂಭಿಸಿ.