ಪಿಡಿಎಫ್‌ನಲ್ಲಿ ಒತ್ತಕ್ಷರ ಉಳಿಯಬೇಕಾದರೆ

ನಮ್ಮೂರಿನ ವಾಚನಾಲಯದ ಸ್ಮರಣ ಸಂಚಿಕೆಯನ್ನು ವರ್ಡ್‌ನಲ್ಲಿ ಜೋಡಿಸಿ, ಕರಡು ನೋಡಲೆಂದು ಕಾರ್ಯದರ್ಶಿಯವರ ಮೊಬೈಲಿಗೆ ಹಾಗೆಯೇ ಕಳಿಸಿದ್ದೆ. ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು. "ಮುನ್ನುಡಿ ಚೆನ್ನಾಗಿದೆ ಮೇಷ್ಟ್ರೇ, ಆದರೆ ತಲೆಬರಹದಲ್ಲಿ ಇಂಗ್ಲಿಷಿನಂಥದ್ದು ಏನೇನೋ ಬಂದಿದೆಯಲ್ಲ?" ನನ್ನ ಪರದೆಯಲ್ಲಿ ‘ಕರ್ನಾಟಕ’ ಎಂದಿದ್ದ ಪದ ಅವರಲ್ಲಿ PÀ£ÁðlPÀ ಆಗಿತ್ತು. ಒಳಪುಟಗಳಲ್ಲಿ ಅಕ್ಷರ ಸರಿಯಿದ್ದರೂ ಸಾಲುಗಳು ಜರುಗಿ, 24 ಪುಟದ ಸಂಚಿಕೆ 27 ಪುಟಕ್ಕೆ ಹಿಗ್ಗಿತ್ತು.

ಇವು ಎರಡು ಬೇರೆ ತೊಂದರೆಗಳು. ತಲೆಬರಹವನ್ನು ನಾನು ಹಳೆಯ ಕಡತವೊಂದರಿಂದ ತಂದಿದ್ದೆ. ಅದು ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿತ್ತು. ಅಂಥ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಹೊದಿಕೆ ಜಾರಿಬೀಳುತ್ತದೆ. ಒಳಪುಟಗಳು ಯೂನಿಕೋಡ್‌ನಲ್ಲಿದ್ದವು. ಅಲ್ಲಿ ಅಕ್ಷರ ಕೆಡಲಿಲ್ಲ. ನಾನು ಬಳಸಿದ Nirmala UI ಆ ಫೋನಿನಲ್ಲಿ ಇಲ್ಲದ್ದರಿಂದ ಅದು ತನ್ನದೇ ಫಾಂಟ್ ಹಾಕಿಕೊಂಡಿತು, ಅಷ್ಟೇ.

ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆಂದು ಪ್ರತ್ಯೇಕ ಸಂಕೇತವಿಲ್ಲ. ‘ಸ್ವಾತಂತ್ರ್ಯ’ ಎಂಬ ಪದ ಕಡತದಲ್ಲಿ 11 ಸಂಕೇತಗಳ ಸಾಲು: ಸ, ವಿರಾಮ ಚಿಹ್ನೆ, ವ, ದೀರ್ಘ, ತ, ಅನುಸ್ವಾರ, ತ, ವಿರಾಮ, ರ, ವಿರಾಮ, ಯ. ಕೊನೆಯ ಐದನ್ನು ಸೇರಿಸಿ ತಕಾರದ ಕೆಳಗೆ ಎರಡು ಒತ್ತು ಕೂರಿಸುವುದು ಫಾಂಟ್ ಮತ್ತು ತಂತ್ರಾಂಶ ಕೂಡಿ ಮಾಡುವ ಕೆಲಸ. ವರ್ಡ್‌ನಿಂದ ಪಿಡಿಎಫ್ ಮಾಡುವಾಗ ಈ ಜೋಡಣೆ ನಮ್ಮ ಕಂಪ್ಯೂಟರಿನಲ್ಲೇ ಮುಗಿದು, ಸಿದ್ಧ ಆಕಾರಗಳು ಫಾಂಟಿನ ಜೊತೆಗೇ ಕಡತದೊಳಗೆ ಹೋಗಿ ಕೂರುತ್ತವೆ. ತೆರೆಯುವವರ ಫೋನಿಗೆ ಕನ್ನಡದ ಜೋಡಣೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಆದರೆ ಪಿಡಿಎಫ್ ಮಾಡುವ ಕಂಪ್ಯೂಟರಿನಲ್ಲೇ ಆ ಫಾಂಟ್ ಇಲ್ಲದಿದ್ದರೆ ತಪ್ಪು ಆಕಾರವೂ ಹಾಗೆಯೇ ಗಟ್ಟಿಯಾಗುತ್ತದೆ. ಆದ್ದರಿಂದ ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡುವುದು ಕ್ಷೇಮ.

ಮೊದಲು ನಾನು ತಲೆಬರಹವನ್ನು ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದೆ. ಆಮೇಲೆ ಇಡೀ ಕಡತವನ್ನು ಆಯ್ದು Ctrl+D ಒತ್ತಿದೆ. ಅಲ್ಲಿ Latin text, Complex scripts ಎಂದು ಎರಡು ಖಾನೆಗಳಿದ್ದರೆ ಕನ್ನಡಕ್ಕೆ ಅನ್ವಯಿಸುವುದು ಎರಡನೆಯದು. ಮೇಲಿನ ಪಟ್ಟಿಯಲ್ಲಿ Calibri ಎಂದು ಕಂಡರೂ ಕನ್ನಡ ಅಕ್ಷರಗಳು Tunga ಫಾಂಟಿನಿಂದ ಬರುತ್ತಿರಬಹುದು. ಖಾನೆಯಲ್ಲಿ ನಮಗೆ ಬೇಕಾದ ಹೆಸರೇ ಇದೆಯೇ ಎಂದು ನೋಡಿಕೊಳ್ಳಬೇಕು. ಆಯ್ದ ಭಾಗದಲ್ಲಿ ಹಲವು ಫಾಂಟುಗಳು ಬೆರೆತಿದ್ದರೆ ಖಾನೆ ಖಾಲಿ ಕಾಣುತ್ತದೆ.

ಅದಾದ ಮೇಲೆ File, Save As ದಾರಿಯಲ್ಲಿ ಹೋಗಿ ಬಗೆಯಲ್ಲಿ PDF ಆರಿಸಿದೆ. Options ಒಳಗೆ PDF/A ಎಂಬ ಚೌಕವಿರುತ್ತದೆ, ಅದಕ್ಕೂ ಗುರುತು ಹಾಕಿದೆ. ದಾಖಲೆಗಳನ್ನು ಬಹುಕಾಲ ಕಾಪಿಡಲೆಂದು ಮಾಡಿದ ಈ ಮಾದರಿಯಲ್ಲಿ ಬಳಸಿದ ಫಾಂಟುಗಳೆಲ್ಲ ಕಡತದೊಳಗೇ ಇರಬೇಕೆಂಬ ನಿಯಮವಿದೆ. ಪ್ರಿಂಟ್ ಆಜ್ಞೆ ಕೊಟ್ಟೂ ಪಿಡಿಎಫ್ ಮಾಡಬಹುದು, ಆದರೆ ಪರಿವಿಡಿಯ ಕೊಂಡಿಗಳು ಆ ದಾರಿಯಲ್ಲಿ ಬಿಟ್ಟುಹೋಗುತ್ತವೆ. ನಾನು ಅದನ್ನು ಬಳಸುವುದಿಲ್ಲ.

ಫಾಂಟ್ ಒಳಗೆ ಸೇರಿತೇ ಎಂದು ನೋಡಲು ಅಡೋಬಿ ರೀಡರ್‌ನಲ್ಲಿ ಪಿಡಿಎಫ್ ತೆರೆದು ಅಲ್ಲೂ Ctrl+D ಒತ್ತಿ, Fonts ಪುಟಕ್ಕೆ ಹೋಗಬೇಕು. ಪ್ರತಿ ಹೆಸರಿನ ಮುಂದೆ Embedded Subset ಎಂದಿದ್ದರೆ ಬಳಸಿದ ಅಕ್ಷರಗಳಷ್ಟು ಫಾಂಟ್ ಸೇರಿದೆ ಎಂದರ್ಥ. ಹಳೆಯ ನುಡಿ ಅಥವಾ ಬರಹ ಫಾಂಟಿನ ಹೆಸರು ಅಲ್ಲಿ ಉಳಿದಿದ್ದರೆ ಎಲ್ಲೋ ಒಂದು ಸಾಲು ಕಣ್ತಪ್ಪಿದೆ. ಅದೂ ಒಳಗೆ ಸೇರಿರುವುದರಿಂದ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ, ನಕಲಿಸಿದರೆ ಮತ್ತೆ ಅದೇ PÀ£ÁðlPÀ.

ಯೂನಿಕೋಡ್ ಪಿಡಿಎಫ್‌ಗೂ ಒಂದು ಮಿತಿಯಿದೆ. ‘ಕರ್ನಾಟಕ’ದಲ್ಲಿ ಕಡತದ ಕ್ರಮದಂತೆ ರಕಾರ ಮೊದಲು, ನಕಾರ ಆಮೇಲೆ, ಪರದೆಯಲ್ಲಿ ‘ನಾ’ ಮೊದಲು, ಅರ್ಕಾವತ್ತು ಆಮೇಲೆ. ಪಿಡಿಎಫ್‌ನಿಂದ ಪಠ್ಯ ನಕಲಿಸುವಾಗ ಕೆಲವು ತಂತ್ರಾಂಶಗಳು ಕಂಡ ಕ್ರಮವನ್ನೇ ಎತ್ತಿಕೊಂಡು ‘ಕನಾರ್ಟಕ’ ಮಾಡಿಬಿಡುತ್ತವೆ. ಎಷ್ಟೋ ಕಡೆ ಈ ತಪ್ಪು ರೂಪ ಅಚ್ಚಾಗಿರುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಆದ್ದರಿಂದ ಓದಲು ಪಿಡಿಎಫ್ ಕಳಿಸಿ, ಪಠ್ಯವನ್ನು ಮತ್ತೆ ಬಳಸಿಕೊಳ್ಳುವವರಿಗೆ ವರ್ಡ್ ಕಡತವನ್ನೂ ಕೊಡುತ್ತೇನೆ.

ಎರಡನೆಯ ಸಲ ಕಾರ್ಯದರ್ಶಿಯವರು ಅದೇ ಫೋನಿನಲ್ಲಿ ತೆರೆದಾಗ 24 ಪುಟವೇ ಇತ್ತು. ತಲೆಬರಹದ ಅರ್ಕಾವತ್ತು ತನ್ನ ಜಾಗದಲ್ಲಿ ಕೂತಿತ್ತು. ಹದಿನೇಳನೆಯ ಪುಟದಲ್ಲಿ ದಾನಿಯೊಬ್ಬರ ಇನಿಷಿಯಲ್ ತಪ್ಪಿದೆ ಎಂದು ಮಾತ್ರ ಹೇಳಿದರು.