ಮೇಸ್ತ್ರಿಯ ಬಿಲ್ಲಿನಿಂದ ಒಂದು ಪಾಠ: ‘ವೆಚ್ಚ ಮತ್ತು ನಿಶ್ಚಿತ ಶುಲ್ಕ’ ಗುತ್ತಿಗೆ

ಬೋಧನಾಭ್ಯಾಸಕ್ಕಾಗಿ ವಿಜಯನಗರದ ಒಂದು ಪದವಿಪೂರ್ವ ಕಾಲೇಜಿಗೆ ಹೋಗಿದ್ದಾಗ ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದ ಮಕ್ಕಳಿಗೆ ಪಠ್ಯದಾಚೆಯ ಒಂದು ಪಾಠ ಮಾಡುವ ಅವಕಾಶ ಸಿಕ್ಕಿತು. ನಾನು ಆರಿಸಿಕೊಂಡದ್ದು ‘ವೆಚ್ಚ ಮತ್ತು ಶುಲ್ಕ’ ಗುತ್ತಿಗೆ. ಮೊದಲ ಪಾಠಯೋಜನೆಯಲ್ಲಿ ವ್ಯಾಖ್ಯೆ ಬರೆಸಿ, ಒಟ್ಟು ವೆಚ್ಚಕ್ಕೆ ಶುಲ್ಕ ಕೂಡಿಸುವ ಒಂದು ಲೆಕ್ಕ ಕೊಡುವುದೆಂದಿತ್ತು. ಮಾರ್ಗದರ್ಶಕರು ಅದನ್ನು ಓದಿ, “ಇದು ಬರೀ ಕೂಡುವ ಲೆಕ್ಕವಾಯಿತಲ್ಲ! ವೆಚ್ಚ ಅಂದರೆ ಯಾವುದು ಅಂತ ಯಾರು ಹೇಳ್ತಾರೆ?” ಎಂದರು. ಆ ಪ್ರಶ್ನೆಯೇ ಪಾಠವಾಯಿತು.

ಉದಾಹರಣೆಗೆ ದೂರ ಹೋಗಬೇಕಾಗಲಿಲ್ಲ. ಕೆಂಗೇರಿ ಉಪನಗರದಲ್ಲಿ ನಮ್ಮ ಚಿಕ್ಕಮ್ಮ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದರು. ಚದರಡಿಗೆ ಇಷ್ಟು ಎಂದು ಒಪ್ಪುವುದರ ಬದಲು, ಆದ ಖರ್ಚನ್ನು ಅವರು ಕೊಡುವುದು, ಅದರ ಮೇಲೆ ಗುತ್ತಿಗೆದಾರರಿಗೆ ಒಟ್ಟು 3,00,000 ರೂಪಾಯಿ ನಿಶ್ಚಿತ ಶುಲ್ಕ ಎಂದು ಮಾತಾಗಿತ್ತು. ಲಿಂಟಲ್ ಮಟ್ಟಕ್ಕೆ ಬಂದಾಗ ಒಂದು ತಿಂಗಳ ಬಿಲ್ಲಿನ ಮೇಲೆ ಜಗಳವಾಗಿ ಕೆಲಸ ನಿಂತಿತು. ಬಿಲ್ಲಿನ ಅಂಕಿಗಳನ್ನು ತರಗತಿಗಾಗಿ ಸರಳ ಮಾಡಿಕೊಂಡು, ತೆರಿಗೆಯನ್ನು ಬಿಟ್ಟು, ಕಪ್ಪುಹಲಗೆಯ ಮೇಲೆ ಬರೆದೆ.

ಸಿಮೆಂಟು 200 ಚೀಲ, 400ರಂತೆ 80,000. ಕಬ್ಬಿಣದ ಕಂಬಿ 2 ಟನ್, 1,20,000. ಆಳುಗಳ ವಾರದ ಬಟವಾಡೆ, ನಾಲ್ಕು ವಾರಕ್ಕೆ 90,000. ಮೇಲ್ವಿಚಾರಕರ ಸಂಬಳ 24,000. ಸೆಂಟ್ರಿಂಗ್ ಸಾಮಾನಿನ ಬಾಡಿಗೆ 20,000. ರಾಜಾಜಿನಗರದ ಕಚೇರಿಯ ಬಾಡಿಗೆ 10,000. ಒಂದು ಗೋಡೆ ಒಡೆದು ಮತ್ತೆ ಕಟ್ಟಿದ್ದಕ್ಕೆ 9,000. ಒಟ್ಟು 3,53,000 ರೂಪಾಯಿ.

ಪ್ರತಿಯೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿ ಎಂದೆ. ಈ ಖರ್ಚು ನಿಜವಾಗಿ ಕೈಬಿಟ್ಟು ಹೋಗಿದೆಯೇ? ಈ ಮನೆಗಾಗಿಯೇ ಆಗಿದೆಯೇ? ತನ್ನ ಸ್ವಂತ ದುಡ್ಡಾಗಿದ್ದರೂ ಗುತ್ತಿಗೆದಾರ ಇಷ್ಟೇ ಖರ್ಚು ಮಾಡುತ್ತಿದ್ದನೇ? ಮೂರನೆಯದು ನನ್ನ ಸೃಷ್ಟಿಯಲ್ಲ. ಪೈಪೋಟಿಯ ವ್ಯಾಪಾರದಲ್ಲಿ ವಿವೇಕಿಯಾದವನು ಮಾಡುವ ಖರ್ಚನ್ನು ಮೀರದ್ದೇ ‘ನ್ಯಾಯಯುತ ವೆಚ್ಚ’ ಎಂದು ಅಮೆರಿಕದ ಸರ್ಕಾರಿ ಖರೀದಿ ನಿಯಮಗಳೂ ಹೇಳುತ್ತವೆ.

ಸಿಮೆಂಟಿನ ರಸೀದಿ ಸರಿಯಾಗಿಯೇ ಇತ್ತು. ಆದರೆ ತಿಂಗಳ ಕೊನೆಗೆ ಅಂಗಡಿಯವರು ಚೀಲಕ್ಕೆ 10 ರೂಪಾಯಿ ರಿಯಾಯಿತಿಯನ್ನು ಗುತ್ತಿಗೆದಾರರ ಖಾತೆಗೆ ಜಮಾ ಮಾಡಿದ್ದರು. ಹೀಗಾಗಿ ಕೈಬಿಟ್ಟು ಹೋದದ್ದು 78,000 ಮಾತ್ರ. ಕಂಬಿಯ ತುಂಡುಗಳನ್ನು ಗುಜರಿಗೆ ಹಾಕಿ ಬಂದ 1,800ನ್ನೂ ಮಾಲೀಕರ ಲೆಕ್ಕಕ್ಕೆ ಇಳಿಸಬೇಕು. ಕಂಬಿ ಕತ್ತರಿಸುವಾಗ ಒಂದಿಷ್ಟು ತುಂಡು ಉಳಿಯುವುದು ಸಹಜ, ಅದರ ಬೆಲೆಯನ್ನು ಮಾಲೀಕರೇ ಹೊರುತ್ತಾರೆ. ಹಾಗಿದ್ದಮೇಲೆ ತುಂಡಿನಿಂದ ಬಂದ ಕಾಸೂ ಅವರದೇ. ರಸೀದಿ ತೋರಿಸಿದರೆ ಸಾಕು ಎಂದು ಹೆಚ್ಚಿನವರು ತಿಳಿಯುತ್ತಾರೆ. ಆದರೆ ರಸೀದಿ ಹೇಳುವುದು ಹಣ ಹೋದದ್ದನ್ನು ಮಾತ್ರ, ವಾಪಸು ಬಂದದ್ದನ್ನಲ್ಲ. ಅದಕ್ಕೆ ಅಂಗಡಿಯವರ ಖಾತೆಯ ಪ್ರತಿಯನ್ನೇ ಕೇಳಬೇಕು.

ಬಟವಾಡೆಯ 90,000ವನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡಿದೆವು, ಸರಿಹೋಯಿತು. ಮೇಲ್ವಿಚಾರಕರ ವಿಷಯ ಬೇರೆ. ಅವರು ಕೆಂಗೇರಿಯಲ್ಲಿ ಮಾತ್ರವಲ್ಲದೆ ಬಸವೇಶ್ವರನಗರದ ಇನ್ನೊಂದು ಕಟ್ಟಡವನ್ನೂ ನೋಡಿಕೊಳ್ಳುತ್ತಿದ್ದರು. ತಿಂಗಳ 24 ಕೆಲಸದ ದಿನಗಳಲ್ಲಿ ಇಲ್ಲಿದ್ದದ್ದು 12 ದಿನ. ಹಾಗಾಗಿ ಇಲ್ಲಿಗೆ ಸಲ್ಲುವುದು 12,000. ಸೆಂಟ್ರಿಂಗ್ ಸಾಮಾನು ಗುತ್ತಿಗೆದಾರರ ಸ್ವಂತದ್ದು. ಅದಕ್ಕೆ ಬಾಡಿಗೆ ಹಾಕುವುದು ತಪ್ಪಲ್ಲ, ಸಾಮಾನು ಸವೆಯುತ್ತದೆ. ಆದರೆ ತನ್ನ ಸಾಮಾನಿಗೆ ತಾನೇ ದರ ಕಟ್ಟುವಾಗ ಹೊರಗಿನ ದರದ ಎಲ್ಲೆ ಇರಬೇಕು. ಅದೇ ಸಾಮಾನು ಹೊರಗೆ 15,000ಕ್ಕೆ ಸಿಗುತ್ತಿತ್ತು, ಅಷ್ಟನ್ನೇ ಇಟ್ಟೆವು.

ಕಚೇರಿ ಬಾಡಿಗೆಯನ್ನು ನಾನು ಪೂರ್ತಿ ಹೊಡೆದುಹಾಕಿದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದಳು. ಅವಳ ತಂದೆ ಗಾರೆ ಮೇಸ್ತ್ರಿ ಎಂದು ನನಗೆ ಆಮೇಲೆ ತಿಳಿಯಿತು. “ಮಿಸ್, ಆಫೀಸಿಲ್ಲದೆ ಅವರು ಕೆಲಸ ಹೇಗೆ ಮಾಡ್ತಾರೆ? ಆ ಬಾಡಿಗೆ ಅವರ ಹೊಟ್ಟೆಯಿಂದ ಕಟ್ಟಬೇಕಾ?” ಎಂದಳು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಯೋಚಿಸಿ ಹೇಳಿದೆ: ಕಚೇರಿ ಬಾಡಿಗೆ, ಗುತ್ತಿಗೆದಾರರ ಬೈಕಿನ ಪೆಟ್ರೋಲು, ಅವರ ಲಾಭ, ಇವೆಲ್ಲ ಆ ಮೂರು ಲಕ್ಷದೊಳಗೆ ಇವೆ. ಹಾಗೆಂದು ಮೊದಲೇ ಬರೆದುಕೊಂಡಿದ್ದರೆ ಅವರು ಶುಲ್ಕವನ್ನು ಅದಕ್ಕೆ ತಕ್ಕಂತೆ ಕೇಳುತ್ತಿದ್ದರು. ಕಚೇರಿ ಖರ್ಚಿನ ಒಂದು ಪಾಲನ್ನು ಬಿಲ್ಲಿಗೇ ಹಾಕುವ ಒಪ್ಪಂದಗಳೂ ಇರುತ್ತವೆ, ಆಗ ಶುಲ್ಕ ಸಣ್ಣದಾಗಿರಬೇಕು. ತಪ್ಪಾಗುವುದು ಒಂದೇ ಖರ್ಚು ಎರಡು ಕಡೆ ವಸೂಲಾದಾಗ. ಚಿಕ್ಕಮ್ಮನ ಕರಾರಿನಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಜಗಳದ ಬೇರು ಅಲ್ಲೇ ಇತ್ತು, ಗುತ್ತಿಗೆದಾರರ ದುರಾಸೆಯಲ್ಲಿ ಅಲ್ಲ ಎಂದು ಈಗ ನನಗನ್ನಿಸುತ್ತದೆ.

ಗೋಡೆಯ ಬಗ್ಗೆಯೂ ಅವಳೇ ಕೇಳಿದಳು: “ಯಾರು ಒಡೆಸಿದ್ದು?” ಸರಿಯಾದ ಪ್ರಶ್ನೆ. ಚಿಕ್ಕಮ್ಮ ಮನಸ್ಸು ಬದಲಾಯಿಸಿ ಬಾಗಿಲನ್ನು ಆಚೆ ಸರಿಸಿ ಎಂದಿದ್ದರೆ ಆ 9,000 ಅವರದೇ. ಇಲ್ಲಿ ನಕ್ಷೆಯಲ್ಲಿದ್ದ ಅಳತೆಯನ್ನು ತಪ್ಪಾಗಿ ಓದಿ ಚೌಕಟ್ಟು ಕೂರಿಸಿದ್ದರು. ಆದ್ದರಿಂದ ಬಿಲ್ಲಿಗೆ ಸೇರುವುದಿಲ್ಲ. ಬದಲಾವಣೆಯನ್ನು ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಎರಡು ತಿಂಗಳ ನಂತರ ಯಾರು ಒಡೆಸಿದರೆಂದು ತೋರಿಸಲಾಗುವುದಿಲ್ಲ. ದಿನಾಂಕ ಹಾಕಿ ಸಹಿ ಮಾಡಿದ ಒಂದು ಚೀಟಿ ಸಾಕು.

ಮಕ್ಕಳು ಮತ್ತೆ ಕೂಡಿದರು: 78,000, 1,18,200, 90,000, 12,000, 15,000. ಒಟ್ಟು 3,13,200. ಕಡಿತವಾದದ್ದು 39,800.

ಶುಲ್ಕವನ್ನು ನಿಶ್ಚಿತವಾಗಿ ಏಕೆ ಇಡುತ್ತಾರೆ ಎಂಬುದನ್ನು ಈಗ ವಿವರಿಸುವುದು ಸುಲಭವಾಯಿತು. ಶುಲ್ಕ ಶೇಕಡಾ 10 ಎಂದಿದ್ದರೆ ಮೊದಲ ಬಿಲ್ಲಿಗೆ 35,300, ತಿದ್ದಿದ ಬಿಲ್ಲಿಗೆ 31,320 ಬರುತ್ತಿತ್ತು. ಅಂದರೆ ಖರ್ಚು ಹೆಚ್ಚಾದಷ್ಟೂ ಗುತ್ತಿಗೆದಾರರ ಗಳಿಕೆ ಹೆಚ್ಚು. ಅಮೆರಿಕದ ಸರ್ಕಾರಿ ಗುತ್ತಿಗೆಗಳಲ್ಲಿ ಶೇಕಡಾವಾರು ಪದ್ಧತಿಗೆ ನಿಷೇಧವಿರುವುದು ಇದಕ್ಕೇ. ನಿಶ್ಚಿತ ಶುಲ್ಕದಲ್ಲಿ ಖರ್ಚು ಹಿಗ್ಗಿಸುವ ಆಸೆ ಇಲ್ಲವಾಗುತ್ತದೆ. ಆದರೆ ಉಳಿಸುವ ಆಸೆ ತಾನಾಗಿ ಹುಟ್ಟುವುದಿಲ್ಲ, ಆದ್ದರಿಂದ ಬಿಲ್ಲು ನೋಡುವ ಕೆಲಸ ತಪ್ಪದು.

ಶುಲ್ಕದ ಕಂತಿನಲ್ಲೂ ಒಂದು ಸೂಕ್ಷ್ಮವಿದೆ. ಪ್ರತಿ ತಿಂಗಳ ಖರ್ಚಿಗೆ ಅನುಪಾತವಾಗಿ ಶುಲ್ಕ ಕೊಡುತ್ತಾ ಹೋದರೆ ಶೇಕಡಾವಾರು ಪದ್ಧತಿಯೇ ಹಿಂಬಾಗಿಲಿನಿಂದ ಬಂದಂತೆ. ಖರ್ಚು ಅಂದಾಜು ಮೀರಿದರೆ ಗೋಡೆಗೆ ಗಿಲಾವು ಆಗುವ ಮೊದಲೇ ಮೂರು ಲಕ್ಷ ತೀರಿಹೋಗುತ್ತದೆ, ಆಮೇಲೆ ಆಳುಗಳು ಬೇರೆ ಕೆಲಸಕ್ಕೆ ಹೋಗುತ್ತಾರೆ. ಪಾಯ, ಲಿಂಟಲ್, ತಾರಸಿ, ಗಿಲಾವು ಎಂದು ಹಂತಗಳನ್ನು ಕಟ್ಟಿ, ಹಂತ ಮುಗಿದಾಗ ಅದರ ಕಂತು ಕೊಡುವುದು ಸರಿ. ಮಾಲೀಕರು ನಡುವೆ ತಾರಸಿಯ ಮೇಲೊಂದು ಕೋಣೆ ಬೇಕೆಂದರೆ ಕೆಲಸವೇ ದೊಡ್ಡದಾಯಿತು, ಆಗ ಶುಲ್ಕವನ್ನೂ ಹೊಸದಾಗಿ ಮಾತಾಡಬೇಕು.

ತೆರಿಗೆಯನ್ನು ಎರಡನೆಯ ಅವಧಿಗೆ ಇಟ್ಟುಕೊಂಡಿದ್ದೆ. ಜಿಎಸ್‌ಟಿ ನೋಂದಣಿ ಇರುವ ಗುತ್ತಿಗೆದಾರರು ತಮ್ಮ ಬಿಲ್ಲಿಗೆ ತೆರಿಗೆ ಸೇರಿಸುತ್ತಾರೆ, ಸಿಮೆಂಟು–ಕಂಬಿಗೆ ತಾವು ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುತ್ತಾರೆ. ಹಾಗೆ ಕಳೆದುಕೊಂಡದ್ದು ವೆಚ್ಚವಲ್ಲ. ಅವರ ಲೆಕ್ಕದಲ್ಲಿ ಸಿಮೆಂಟನ್ನು ತೆರಿಗೆ ಬಿಟ್ಟ ಬೆಲೆಗೇ ತೋರಿಸಬೇಕು. ನೋಂದಣಿ ಇಲ್ಲದ ಮೇಸ್ತ್ರಿಗೆ ಆ ಸೌಲಭ್ಯವಿಲ್ಲ, ಅವರಿಗೆ ಅಂಗಡಿಯಲ್ಲಿ ಕೊಟ್ಟ ಪೂರ್ತಿ ಮೊತ್ತವೇ ವೆಚ್ಚ. ಆ ಹುಡುಗಿ ಮರುದಿನ ತಂದೆಯ ಎರಡು ಅಂಗಡಿ ಬಿಲ್ಲು ತಂದಿದ್ದಳು. ತೆರಿಗೆಯ ಸಾಲು ಎಲ್ಲಿದೆ ಎಂದು ಇಡೀ ತರಗತಿ ಆ ಎರಡು ಕಾಗದಗಳಲ್ಲಿ ಹುಡುಕಿತು.