1,020 ಎಂಬ ನನ್ನ ಸ್ಲೈಡು

ಮಹಿಳಾ ದಿನಾಚರಣೆಗೆ ಆಫೀಸಿನಲ್ಲಿ ಹತ್ತು ನಿಮಿಷ ಮಾತಾಡಬೇಕಿತ್ತು. ನಾನು ಐದು ಸ್ಲೈಡು ಮಾಡಿದ್ದೆ. ಅದರಲ್ಲಿ ಎಲ್ಲರಿಗೂ ಇಷ್ಟವಾಗಿದ್ದು ಮೂರನೆಯದು. ಎರಡು ಬಾರ್. ಒಂದರ ಕೆಳಗೆ ‘2011’, ಮೇಲೆ 943. ಇನ್ನೊಂದರ ಕೆಳಗೆ ‘2021’, ಮೇಲೆ 1,020. ನಡುವೆ ಮೇಲಕ್ಕೇರುವ ಹಸಿರು ಬಾಣ. ತಲೆಬರಹ: ‘ಭಾರತದಲ್ಲಿ ಈಗ ಹೆಣ್ಣುಮಕ್ಕಳೇ ಹೆಚ್ಚು!’ ಚಪ್ಪಾಳೆಯೂ ಬಿತ್ತು.

ತೊಂದರೆ ಶುರುವಾಗಿದ್ದು ಮರುವಾರ. ನಮ್ಮ ಕಂಪನಿ ಪ್ರತಿವರ್ಷ ಹೆಣ್ಣುಮಕ್ಕಳ ಓದಿಗೆ ಅಂತ ಒಂದಿಷ್ಟು ದುಡ್ಡು ತೆಗೆದಿಡುತ್ತದೆ. ಅದನ್ನು ಹಂಚುವ ಸಮಿತಿಯಲ್ಲಿ ನಾನೂ ಇದ್ದೇನೆ. ಮೀಟಿಂಗಿನಲ್ಲಿ ಒಬ್ಬರು ನನ್ನದೇ ಸ್ಲೈಡು ತೆರೆದು, “ಇಲ್ಲಿ ನೋಡಿ, ಸಮಸ್ಯೆ ಮುಗಿದಿದೆಯಲ್ಲ? ಈ ವರ್ಷ ದುಡ್ಡನ್ನು ಬೇರೆ ಕಡೆ ಹಾಕೋಣ” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಸಂಖ್ಯೆಗಳೇನೂ ಸುಳ್ಳಲ್ಲ. ಎರಡನ್ನೂ ಸರಕಾರಿ ವರದಿಗಳಿಂದಲೇ ತೆಗೆದಿದ್ದೆ. ತೀರ್ಮಾನವನ್ನು ಮುಂದಿನ ಮೀಟಿಂಗಿಗೆ ಬಿಟ್ಟೆವು.

ಆ ಶನಿವಾರ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ನನ್ನ ಸೋದರತ್ತೆ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು, ಈಗ ರಿಟೈರ್ ಆಗಿದ್ದಾರೆ. 2011ರ ಜನಗಣತಿಯಲ್ಲಿ ಊರೂರು ತಿರುಗಿ ಜನ ಎಣಿಸಿದವರು. ಸ್ಲೈಡು ತೋರಿಸಿದೆ. ಕನ್ನಡಕ ಏರಿಸಿ ನೋಡಿ, “943 ನಾವು ಎಣಿಸಿದ್ದು. ಈ 1,020 ಯಾರು ಎಣಿಸಿದ್ದೇ? 2021ರಲ್ಲಿ ಗಣತಿನೇ ಆಗಲಿಲ್ವಲ್ಲ” ಅಂದರು.

ನಾನು ಮಾಡಿದ ಮೊದಲ ತಪ್ಪು ಅದೇ. 943 ಎಂಬುದು 2011ರ ಜನಗಣತಿಯದ್ದು. ಸಾವಿರ ಗಂಡಸರಿಗೆ ಇಷ್ಟು ಹೆಂಗಸರು ಎಂಬ ಲೆಕ್ಕ. 1,020 ಎಂಬುದು 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದ್ದು. ಗಣತಿ ಎಂದರೆ ಎಲ್ಲರನ್ನೂ ಎಣಿಸುವುದು. ಸಮೀಕ್ಷೆ ಎಂದರೆ ಆಯ್ದ ಸುಮಾರು 6.37 ಲಕ್ಷ ಮನೆಗಳಿಗೆ ಹೋಗಿ ಕೇಳುವುದು. ನನ್ನ ಸ್ಲೈಡಿನ ಬಾರ್‌ಗಳ ಕೆಳಗೆ ವರ್ಷ ಮಾತ್ರ ಇತ್ತು, ಯಾವ ಲೆಕ್ಕ ಎಂದು ಇರಲೇ ಇಲ್ಲ. ಆ ಲೇಬಲ್ ಇದ್ದಿದ್ದರೆ ನಡುವಿನ ಹಸಿರು ಬಾಣ ಹಾಕಲು ನನಗೇ ಕೈ ಬರುತ್ತಿರಲಿಲ್ಲ.

“ಆದ್ರೂ ಅತ್ತೆ, ಎರಡೂ ಅದೇ ಅಳತೆ ಅಲ್ವಾ? ಸಾವಿರಕ್ಕೆ ಎಷ್ಟು ಅಂತ ತಾನೆ?” ಅಂದೆ.

“ಅಳತೆ ಒಂದೇ ಕಣೇ, ಎಣಿಸಿದ ಜನ ಒಂದೇನಾ? ಫೆಬ್ರವರಿ 28ರ ರಾತ್ರಿ ನಾವು ಟಾರ್ಚ್ ಹಿಡ್ಕೊಂಡು ಬಸ್ ಸ್ಟ್ಯಾಂಡು, ದೇವಸ್ಥಾನದ ಜಗಲಿ ಎಲ್ಲಾ ಸುತ್ತಿದ್ವಿ, ಮನೆ ಇಲ್ದೋರನ್ನ ಎಣಿಸೋಕೆ. ಸಿಕ್ಕಿದವರೆಲ್ಲ ಹೆಚ್ಚುಕಡಿಮೆ ಗಂಡಸರೇ.”

ಅವತ್ತು ರಾತ್ರಿ ಸಮೀಕ್ಷೆಯ ವರದಿ ತೆಗೆದು ಕೂತೆ. ಸಮೀಕ್ಷೆಯವರು ಲೆಕ್ಕಕ್ಕೆ ಹಿಡಿಯುವುದು, ಅವರು ಹೋದ ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದವರನ್ನು. ಬಂದ ನೆಂಟರೂ ಅದರಲ್ಲಿ ಸೇರುತ್ತಾರೆ. ಊರು ಬಿಟ್ಟು ದುಡಿಯಲು ಹೋದ ಮಗ ಸೇರುವುದಿಲ್ಲ. ಅವನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದರೆ, ಆ ಮನೆ ಸಮೀಕ್ಷೆಗೆ ಆಯ್ಕೆಯಾಗಿದ್ದರೆ, ಅಲ್ಲಿ ಲೆಕ್ಕಕ್ಕೆ ಸಿಗುತ್ತಾನೆ. ಆದರೆ ಹಾಸ್ಟೆಲ್, ಸೈನಿಕರ ಬ್ಯಾರಕ್, ಜೈಲು ಇವೆಲ್ಲ ಮನೆಗಳಲ್ಲ, ಹಾಗಾಗಿ ಈ ಸಮೀಕ್ಷೆಗೆ ಬರುವುದಿಲ್ಲ. ಬೀದಿಯಲ್ಲಿ ಮಲಗುವವರೂ ಬರುವುದಿಲ್ಲ. ಇಂಥ ಜಾಗಗಳಲ್ಲಿ ಇರುವವರಲ್ಲಿ ಗಂಡಸರೇ ಜಾಸ್ತಿ. ಅವರನ್ನು ಬಿಟ್ಟು ಎಣಿಸಿದರೆ ಹೆಂಗಸರ ಪಾಲು ಹೆಚ್ಚಾಗಿ ಕಾಣುವುದು ಸಹಜ. ಇದು ಸಮೀಕ್ಷೆಯ ಮೋಸವಲ್ಲ. ಅದು ಇರುವುದೇ ಮನೆಗಳಲ್ಲಿನ ಆರೋಗ್ಯ ನೋಡಲು. ದೇಶದಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು ಅಂತ ಎಣಿಸಲು ಅಲ್ಲ.

ಇದು ಬರೀ ಊಹೆ ಅನ್ನಿಸಿದರೆ ಹಳೆಯ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿ. 2005-06ರ ಮೂರನೇ ಸಮೀಕ್ಷೆಯಲ್ಲಿ ಇದೇ ಅನುಪಾತ 1,000 ಇತ್ತು. ಐದು ವರ್ಷ ಬಿಟ್ಟು ಎಲ್ಲರನ್ನೂ ಎಣಿಸಿದ ಗಣತಿಯಲ್ಲಿ ಸಿಕ್ಕಿದ್ದು 943. ಐದು ವರ್ಷದಲ್ಲಿ ದೇಶದ ಹೆಂಗಸರು ಎಲ್ಲಿಗೂ ಮಾಯವಾಗಲಿಲ್ಲ. ಸಮೀಕ್ಷೆಯ ತಕ್ಕಡಿಯೇ ಈ ವಿಷಯದಲ್ಲಿ ಸ್ವಲ್ಪ ಮೇಲೆ ತೂಗುತ್ತದೆ, ಅಷ್ಟೇ. 2015-16ರ ನಾಲ್ಕನೇ ಸಮೀಕ್ಷೆಯಲ್ಲಿ 991, ಐದನೆಯದರಲ್ಲಿ 1,020. ಒಂದೇ ತಕ್ಕಡಿಯ ಅಳತೆಗಳನ್ನು ಸಾಲಾಗಿ ಇಟ್ಟರೆ 1,000, 991, 1,020. ನನ್ನ ಹಸಿರು ಬಾಣದ ಕಥೆ ಇದರಲ್ಲಿ ಎಲ್ಲೂ ಇಲ್ಲ.

ಎರಡನೇ ತಪ್ಪು ಚಿತ್ರದ್ದು. ನನ್ನ ಚಾರ್ಟಿನ ಎಡಗಡೆಯ ಅಕ್ಷ ಸೊನ್ನೆಯಿಂದಲ್ಲ, 900ರಿಂದ ಶುರುವಾಗಿತ್ತು. ಸೊನ್ನೆಯಿಂದ ಹಾಕಿದಾಗ ಎರಡೂ ಬಾರ್ ಒಂದೇ ಥರ ಕಂಡು, “ಚೆನ್ನಾಗಿ ಕಾಣ್ತಿಲ್ಲ” ಅಂತ ನಾನೇ ಬದಲಾಯಿಸಿದ್ದೆ. ಅದರ ಪರಿಣಾಮ ಲೆಕ್ಕ ಹಾಕಿ ನೋಡಿ. 900ರಿಂದ ಮೇಲೆ 943ಕ್ಕೆ ಇರುವ ಎತ್ತರ 43, 1,020ಕ್ಕೆ 120. ಅಂದರೆ ಎರಡನೇ ಬಾರ್ ಮೊದಲನೆಯದರ ಸುಮಾರು 2.8 ಪಟ್ಟು ಎತ್ತರ. ನಿಜವಾದ ವ್ಯತ್ಯಾಸ 943ಕ್ಕೆ 77, ಅಂದರೆ ಶೇ. 8ರಷ್ಟು. ಬಾರ್ ನೋಡುವಾಗ ನಮ್ಮ ಕಣ್ಣು ಉದ್ದವನ್ನೇ ಅಳೆಯುತ್ತದೆ, ಅಕ್ಷದ ಮೇಲಿನ ಚಿಕ್ಕ ಅಂಕಿಯನ್ನಲ್ಲ. ಅದಕ್ಕೇ ಬಾರ್ ಚಾರ್ಟು ಸೊನ್ನೆಯಿಂದಲೇ ಶುರುವಾಗಬೇಕು. ಚಿಕ್ಕ ವ್ಯತ್ಯಾಸವನ್ನೇ ತೋರಿಸಬೇಕು ಅಂದರೆ ಬಾರ್ ಬಿಟ್ಟು ಚುಕ್ಕೆಗಳನ್ನು ಇಡಬಹುದು. ಚುಕ್ಕೆಗೆ ಉದ್ದವಿಲ್ಲ, ಹಾಗಾಗಿ ಅಕ್ಷ 900ರಿಂದ ಶುರುವಾದರೂ ಅಷ್ಟು ಮೋಸ ಆಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಸಮಿತಿಯ ತೀರ್ಮಾನಕ್ಕೆ ನೇರ ಸಂಬಂಧಪಟ್ಟಿದ್ದು. ಸಮೀಕ್ಷೆಯ ಕೋಷ್ಟಕದಲ್ಲಿ 1,020 ಇರುವ ಸಾಲಿನ ಕೆಳಗೇ ಇನ್ನೊಂದು ಸಾಲಿದೆ: ಕಳೆದ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಲಿಂಗಾನುಪಾತ. ಅದು 929. ನಾನು ಅದನ್ನು ನೋಡಿಯೂ ದಾಟಿ ಹೋಗಿದ್ದೆ.

ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? 1,020 ಎಲ್ಲ ವಯಸ್ಸಿನವರನ್ನೂ ಸೇರಿಸಿದ್ದು. ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ, ಹಾಗಾಗಿ ಅಜ್ಜಿಯರ ಸಂಖ್ಯೆ ಆ ಲೆಕ್ಕವನ್ನು ಮೇಲೆತ್ತುತ್ತದೆ. ಹೆಣ್ಣು ಭ್ರೂಣಕ್ಕೆ ಹುಟ್ಟಲು ಬಿಟ್ಟರೋ ಇಲ್ಲವೋ ಎಂಬ ಪ್ರಶ್ನೆಗೆ ಅಜ್ಜಿಯರ ಲೆಕ್ಕ ಉತ್ತರ ಕೊಡುವುದಿಲ್ಲ. ಅದಕ್ಕೆ ನೋಡಬೇಕಾದ್ದು 929. ಅದನ್ನೂ 1,000ಕ್ಕೆ ಹೋಲಿಸಬಾರದು. ಪ್ರಕೃತಿಯಲ್ಲೇ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಸಾವಿರ ಗಂಡಿಗೆ ಲೆಕ್ಕ ಹಾಕಿದರೆ ಸುಮಾರು 952 ಹೆಣ್ಣು. ಹಾಗಾಗಿ ಕೊರತೆ 71 ಅಲ್ಲ, ಸುಮಾರು 23. ಸಮಸ್ಯೆ ಮುಗಿದಿದೆ ಅನ್ನುವುದು ತಪ್ಪು, ಅದನ್ನು ಮೂರು ಪಟ್ಟು ದೊಡ್ಡದು ಮಾಡಿ ಹೇಳುವುದೂ ತಪ್ಪೇ.

“ಹಂಗಾದ್ರೆ ಹೋದ ಸಲಕ್ಕಿಂತ ಸುಧಾರಿಸಿದ್ಯಾ?” ಅತ್ತೆ ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದರು. ನಾಲ್ಕನೇ ಸಮೀಕ್ಷೆಯಲ್ಲಿ ಇದು 919. ಹತ್ತು ಜಾಸ್ತಿ. ಖುಷಿಪಡುವ ಮೊದಲು ಇನ್ನೊಂದು ಲೆಕ್ಕ ಬೇಕು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ನಾಣ್ಯವನ್ನು 400 ಸಲ ಚಿಮ್ಮಿದರೆ 200ರ ಆಚೀಚೆ 20ರಷ್ಟು ಏರುಪೇರು ಸುಮ್ಮನೆ ಆಗುತ್ತಲೇ ಇರುತ್ತದೆ. ದೇಶದ ಮಟ್ಟದಲ್ಲಿ ಸಮೀಕ್ಷೆಗೆ ಸಿಕ್ಕ ಮಕ್ಕಳು ಸುಮಾರು 2.3 ಲಕ್ಷ. ಇದೇ ರೀತಿ ಲೆಕ್ಕ ಹಾಕಿದರೆ 929ರ ಆಚೀಚೆ ಕನಿಷ್ಠ 8ರಷ್ಟು ಅಂತರ ಬರುತ್ತದೆ. 919ಕ್ಕೂ ಹೆಚ್ಚುಕಡಿಮೆ ಅಷ್ಟೇ ಅಂತರ. ಅಂದಮೇಲೆ ಹತ್ತರ ಏರಿಕೆ ನಿಜವೂ ಇರಬಹುದು, ಆಕಸ್ಮಿಕವೂ ಇರಬಹುದು. “ಸುಧಾರಿಸುತ್ತಿರುವಂತಿದೆ” ಅನ್ನಬಹುದು, “ಸುಧಾರಿಸಿದೆ” ಅಂತ ಡಂಗುರ ಸಾರುವ ಹಾಗಿಲ್ಲ.

ಇದು ಬಹಳ ಮುಖ್ಯವಾಗುವುದು ಜಿಲ್ಲೆಗಳ ವಿಷಯದಲ್ಲಿ. ಸಮಿತಿಯ ಇನ್ನೊಬ್ಬರು, “ನಮ್ಮ ಜಿಲ್ಲೆಯ ಸಂಖ್ಯೆ ತುಂಬಾ ಬಿದ್ದಿದೆ, ಅಲ್ಲಿಗೇ ಕೊಡೋಣ” ಅಂದಿದ್ದರು. ಒಂದು ಜಿಲ್ಲೆಯಲ್ಲಿ ಸಮೀಕ್ಷೆಗೆ ಸಿಕ್ಕ ಮಕ್ಕಳು 400 ಅಂದುಕೊಳ್ಳಿ. 929ರ ಪ್ರಕಾರ ಅದರಲ್ಲಿ 193 ಹೆಣ್ಣು, 207 ಗಂಡು ಇರಬೇಕು. ಆಕಸ್ಮಿಕವಾಗಿ 20 ಕಡಿಮೆಯಾದರೆ 173ಕ್ಕೆ 227, ಅಂದರೆ 762. 20 ಜಾಸ್ತಿಯಾದರೆ 213ಕ್ಕೆ 187, ಅಂದರೆ 1,139. ಊರಿನಲ್ಲಿ ಏನೂ ಬದಲಾಗದೆ ಸಂಖ್ಯೆ ಮಾತ್ರ 762ರಿಂದ 1,139ರ ತನಕ ಜೋಲಿ ಹೊಡೆಯಬಹುದು. ಇಂಥ ಸಂಖ್ಯೆ ನೋಡಿ ಒಂದು ಜಿಲ್ಲೆಯನ್ನು ಹೊಗಳುವುದೂ ಬೇಡ, ಬೈಯುವುದೂ ಬೇಡ. ಈ ಸಮೀಕ್ಷೆಯ ಜಿಲ್ಲಾ ಕೋಷ್ಟಕಗಳಲ್ಲಿ ಕೆಲವು ಸಂಖ್ಯೆಗಳು ಕಂಸದೊಳಗಿರುತ್ತವೆ, ಕೆಲವು ಕಡೆ ಸಂಖ್ಯೆ ಬದಲು ನಕ್ಷತ್ರ ಚಿಹ್ನೆ ಇರುತ್ತದೆ. ಅದು ಅಲಂಕಾರವಲ್ಲ. ಕಂಸ ಇದ್ದರೆ ಆ ಲೆಕ್ಕ 25ರಿಂದ 49 ಪ್ರಕರಣಗಳ ಮೇಲೆ ನಿಂತಿದೆ ಎಂದರ್ಥ. ನಕ್ಷತ್ರ ಇದ್ದರೆ 25ಕ್ಕಿಂತ ಕಡಿಮೆ, ಅದಕ್ಕೇ ಸಂಖ್ಯೆಯನ್ನೇ ಕೊಟ್ಟಿಲ್ಲ. ನಾವು ಎಕ್ಸೆಲ್‌ಗೆ ಕಾಪಿ ಮಾಡುವಾಗ ಮೊದಲು ಅಳಿಸುವುದು ಈ ಕಂಸವನ್ನೇ.

ಭಾನುವಾರ ರಾತ್ರಿ ಹೊಸ ಸ್ಲೈಡು ಮಾಡಿದೆ. ತಲೆಬರಹದಲ್ಲಿ ಉದ್ಗಾರ ಚಿಹ್ನೆ ಇಲ್ಲ: ‘ಕಳೆದ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳು, ಸಾವಿರ ಗಂಡಿಗೆ ಎಷ್ಟು ಹೆಣ್ಣು, ಭಾರತ’. ಎರಡು ಚುಕ್ಕೆ, 919 ಮತ್ತು 929. ಪ್ರತಿ ಚುಕ್ಕೆಗೂ ಆಚೀಚಿನ ಅಂತರ ತೋರಿಸುವ ಗೆರೆ. 952ರಲ್ಲಿ ಒಂದು ತುಂಡು ಗೆರೆ, ಪಕ್ಕದಲ್ಲಿ ‘ಸಹಜವಾಗಿ ಇರಬೇಕಾದ್ದು, ಸುಮಾರು’. ಕೆಳಗೆ ಸಮೀಕ್ಷೆಯ ಹೆಸರು, ಎರಡು ಸುತ್ತಿನ ವರ್ಷಗಳು. ಗಣತಿಯ ಸಂಖ್ಯೆ ಈ ಚಿತ್ರದಲ್ಲಿ ಇಲ್ಲವೇ ಇಲ್ಲ.

ಸೋಮವಾರ ಹಳೇ ಸ್ಲೈಡು ನೋಡಿದ್ದ ಎಲ್ಲರಿಗೂ ಹೊಸದನ್ನು ಮೇಲ್ ಮಾಡಿದೆ, ಹಿಂದಿನದು ಏಕೆ ತಪ್ಪು ಅಂತ ನಾಲ್ಕು ಸಾಲು ಬರೆದು. ಬರೆಯುವಾಗ ಮುಖ ಬಿಸಿಯಾಯಿತು, ಸುಳ್ಳೇಕೆ. ಸಮಿತಿಯಲ್ಲಿ ಚರ್ಚೆ ಮತ್ತೆ ನಡೆಯಿತು. ಹೆಣ್ಣುಮಕ್ಕಳ ಓದಿನ ದುಡ್ಡು ಉಳಿಯಿತು. ಆದರೆ ಯಾವ ಜಿಲ್ಲೆಗೆ ಎಂಬುದನ್ನು ಲಿಂಗಾನುಪಾತ ನೋಡಿ ನಿರ್ಧರಿಸಲಿಲ್ಲ. ಹೈಸ್ಕೂಲು ಬಿಟ್ಟ ಹುಡುಗಿಯರ ಪಟ್ಟಿ ಯಾವ ಶಾಲೆಗಳಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಿ ವಿಚಾರಿಸುವುದು ಅಂತಾಯಿತು.

ಅತ್ತೆಗೆ ಫೋನಿನಲ್ಲಿ ಹೊಸ ಸ್ಲೈಡು ಕಳಿಸಿದೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು: “ಈಗ ಸರಿಯಾಗಿದೆ ಕಣೇ. ಆದ್ರೆ ಕೆಳಗಿನ ಅಕ್ಷರ ತುಂಬಾ ಸಣ್ಣದಾಯ್ತು. ಯಾರನ್ನ ಎಣಿಸಿದ್ದು ಅನ್ನೋದೇ ನನ್ನ ಕಣ್ಣಿಗೆ ಕಾಣ್ತಿಲ್ಲ.”

ಅಕ್ಷರ ದೊಡ್ಡದು ಮಾಡಿ ಇನ್ನೊಮ್ಮೆ ಕಳಿಸಿದೆ.